ಗ್ರಾಹಕ ಸೇವಾ ತಂಡದ ಟೀಮ್ ಲೀಡ್: ಹುದ್ದೆಯ ವಿವರಣೆ (ಕುಶಾಲನಗರ ಕಚೇರಿ)

ಹುದ್ದೆಯ ಸ್ವರೂಪ

ಕೊಡಗಿನ ತೋಟಗಳ ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ ಮತ್ತು ಜೇನುತುಪ್ಪವನ್ನು ಆನ್‌ಲೈನ್‌ನಲ್ಲಿ ಮಾರುವ, ಜೊತೆಗೆ ಜಿಲ್ಲೆಯ ಹೋಂಸ್ಟೇಗಳ ಬುಕಿಂಗ್ ನೋಡಿಕೊಳ್ಳುವ ನಮ್ಮ ಸಂಸ್ಥೆಗೆ ಒಬ್ಬ ಟೀಮ್ ಲೀಡ್ ಬೇಕಾಗಿದ್ದಾರೆ. ಎರಡು ಪಾಳಿಗಳಲ್ಲಿ ದುಡಿಯುವ 8 ಮಂದಿ ಪ್ರತಿನಿಧಿಗಳು ಇವರ ಕೈಕೆಳಗಿರುತ್ತಾರೆ. ಇವರು ಕಾರ್ಯಾಚರಣೆ ವ್ಯವಸ್ಥಾಪಕರಿಗೆ ಉತ್ತರದಾಯಿಯಾಗಿರುತ್ತಾರೆ. ವಾರದಲ್ಲಿ 6 ದಿನ, ಊಟದ ವಿರಾಮ ಬಿಟ್ಟು ದಿನಕ್ಕೆ 8 ಗಂಟೆ ಕೆಲಸ. ಸಂಬಳ ಅನುಭವಕ್ಕೆ ತಕ್ಕಂತೆ ತಿಂಗಳಿಗೆ 32,000ದಿಂದ 40,000 ರೂಪಾಯಿ.

ಕರ್ತವ್ಯಗಳು

ಪ್ರತಿ ಪಾಳಿಯ ಆರಂಭದಲ್ಲಿ ಬಾಕಿ ಟಿಕೆಟ್‌ಗಳನ್ನು ನೋಡಿ, 24 ಗಂಟೆ ದಾಟಿದವನ್ನು ಮೊದಲು ಹಂಚಬೇಕು. ದಿನಕ್ಕೆ ಕನಿಷ್ಠ ಒಂದು ಗಂಟೆ ಲೀಡ್ ಸ್ವತಃ ಗ್ರಾಹಕರ ಕರೆಗಳನ್ನು ತೆಗೆದುಕೊಳ್ಳಬೇಕು. ಕರೆ ತೆಗೆದುಕೊಳ್ಳುವುದನ್ನೇ ಬಿಟ್ಟವರಿಗೆ ತಂಡದ ಕಷ್ಟ ಅರ್ಥವಾಗುವುದಿಲ್ಲ ಎಂಬುದು ನಮ್ಮ ದೃಢವಾದ ನಂಬಿಕೆ.

ಪ್ರತಿಯೊಬ್ಬ ಪ್ರತಿನಿಧಿಯ 5 ಕರೆಗಳ ಧ್ವನಿಮುದ್ರಣವನ್ನು ತಿಂಗಳಿಗೊಮ್ಮೆ ಪೂರ್ತಿ ಆಲಿಸಿ, ಆ ಪ್ರತಿನಿಧಿಯ ಜೊತೆ ಅರ್ಧ ಗಂಟೆ ಕುಳಿತು ಚರ್ಚಿಸಬೇಕು. ಉದಾಹರಣೆಗೆ, ಜುಲೈ ತಿಂಗಳಲ್ಲಿ ಗ್ರಾಹಕರೊಬ್ಬರು ಕರೆ ಮಾಡಿ ಕಾಫಿ ಪುಡಿ ಗಂಟುಕಟ್ಟಿದೆ ಎಂದರೆ, ಪ್ರತಿನಿಧಿ ಕ್ಷಮೆ ಕೇಳಿ ಬೇರೆ ಪೊಟ್ಟಣ ಕಳುಹಿಸಿದರಷ್ಟೇ ಸಾಲದು. ಪೊಟ್ಟಣದ ಮೇಲಿನ ಬ್ಯಾಚ್ ಸಂಖ್ಯೆಯನ್ನು ಕೇಳಿ ಬರೆದುಕೊಂಡಿದ್ದಾರೆಯೇ, ತೇವ ಹೊಕ್ಕಿದ್ದು ಸೀಲ್ ಬಿಟ್ಟುಕೊಂಡಿದ್ದರಿಂದಲೋ ತೆರೆದ ನಂತರವೋ ಎಂದು ವಿಚಾರಿಸಿದ್ದಾರೆಯೇ ಎಂಬುದನ್ನು ಲೀಡ್ ಗಮನಿಸಬೇಕು. ಒಂದೇ ಬ್ಯಾಚಿನ ಬಗ್ಗೆ ಮೂರು ದೂರುಗಳು ಬಂದರೆ ಅದೇ ದಿನ ಪ್ಯಾಕಿಂಗ್ ವಿಭಾಗಕ್ಕೆ ಬರಹದಲ್ಲಿ ತಿಳಿಸುವುದು ಲೀಡ್ ಅವರ ಹೊಣೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲಕ್ಕೆ ಪ್ರತ್ಯೇಕ ಸಿದ್ಧತೆ ಬೇಕು. ಸಂಪಾಜೆ ಘಾಟಿಯಲ್ಲಿ ಮಣ್ಣು ಕುಸಿದು ಮಡಿಕೇರಿ–ಮಂಗಳೂರು ರಸ್ತೆಯಲ್ಲಿ ಸಂಚಾರ ನಿಂತಾಗ, ಆ ದಾರಿಯಲ್ಲಿ ಬರಬೇಕಾದ ಹೋಂಸ್ಟೇ ಅತಿಥಿಗಳಿಗೆ ಅವರು ಕೇಳುವ ಮೊದಲೇ ಕರೆ ಹೋಗಬೇಕು. ಪರ್ಯಾಯ ದಾರಿ, ದಿನಾಂಕ ಬದಲಾವಣೆ ಅಥವಾ ರೀಫಂಡ್ ಎಂಬ ಮೂರು ಆಯ್ಕೆಗಳನ್ನೂ ಅವರ ಮುಂದಿಡಬೇಕು. 2018ರ ಆಗಸ್ಟ್‌ನ ಮಳೆ, ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ ಇಂಥ ಕರೆಯನ್ನು ಯಾರೂ ಔಪಚಾರಿಕತೆಯೆಂದು ಭಾವಿಸಬಾರದು. ಕರೆಂಟ್ ಅಥವಾ ನೆಟ್‌ವರ್ಕ್ ಹೋದಾಗ ಯಾವ ಪ್ರತಿನಿಧಿ ಎಲ್ಲಿಂದ ಕೆಲಸ ಮುಂದುವರಿಸಬೇಕು ಎಂಬ ಪಟ್ಟಿ ಮೇ ಕೊನೆಯೊಳಗೆ ಸಿದ್ಧವಾಗಿರಬೇಕು. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ ಮತ್ತು ಪುತ್ತರಿಯ ರಜೆಗಳನ್ನು ಒಂದು ತಿಂಗಳ ಮುಂಚೆಯೇ ಪಾಳಿಪಟ್ಟಿಯಲ್ಲಿ ಹೊಂದಿಸಬೇಕು.

ಅಧಿಕಾರ

ಪ್ರತಿ ದೂರಿಗೆ 3,000 ರೂಪಾಯಿವರೆಗಿನ ರೀಫಂಡನ್ನು ಯಾರ ಅನುಮತಿಯೂ ಇಲ್ಲದೆ ಮಂಜೂರು ಮಾಡಬಹುದು. ಕಾರಣವನ್ನು ಟಿಕೆಟ್‌ನಲ್ಲಿ ಬರೆಯಬೇಕು. ಅದಕ್ಕಿಂತ ಹೆಚ್ಚಿನದನ್ನು, ಹಾಗೂ ಅತಿಥಿಗಳ ಸುರಕ್ಷತೆಗೆ ಸಂಬಂಧಿಸಿದ ಯಾವುದೇ ದೂರನ್ನು, 30 ನಿಮಿಷದೊಳಗೆ ವ್ಯವಸ್ಥಾಪಕರ ಗಮನಕ್ಕೆ ತರಬೇಕು.

ಅಳೆಯಬಹುದಾದ ನಿರೀಕ್ಷೆಗಳು

ಮೊದಲ 3 ತಿಂಗಳು ಕಲಿಕೆಯ ಅವಧಿ. ನಾಲ್ಕನೆಯ ತಿಂಗಳಿನಿಂದ ತಂಡದ ಮಾಸಿಕ ಫಲಿತಾಂಶವನ್ನು ಹೀಗೆ ಅಳೆಯಲಾಗುತ್ತದೆ:

- ಶೇ. 80ರಷ್ಟು ಕರೆಗಳಿಗೆ 30 ಸೆಕೆಂಡಿನೊಳಗೆ ಉತ್ತರ. ಇಮೇಲ್‌ಗೆ ಕೆಲಸದ 4 ಗಂಟೆಯೊಳಗೆ ಮೊದಲ ಉತ್ತರ.
- ಶೇ. 75ರಷ್ಟು ದೂರುಗಳು ಮೊದಲ ಸಂಪರ್ಕದಲ್ಲೇ ಪರಿಹಾರ.
- ಮುಚ್ಚಿದ ನಂತರ 7 ದಿನದೊಳಗೆ ಮತ್ತೆ ತೆರೆಯಬೇಕಾದ ಟಿಕೆಟ್‌ಗಳು ಶೇ. 5ಕ್ಕಿಂತ ಕಡಿಮೆ.
- ಗ್ರಾಹಕರ ತೃಪ್ತಿಯ ಸರಾಸರಿ ಅಂಕ 5ಕ್ಕೆ 4.3 ಅಥವಾ ಹೆಚ್ಚು.

ಇವುಗಳಲ್ಲಿ ಮೂರನೆಯದಕ್ಕೆ ನಾವು ಹೆಚ್ಚಿನ ತೂಕ ಕೊಡುತ್ತೇವೆ, ಏಕೆಂದರೆ ಅವಸರದಲ್ಲಿ ಟಿಕೆಟ್ ಮುಚ್ಚಿದರೆ ಮೊದಲ ಎರಡು ಅಂಕಿಗಳು ಚೆನ್ನಾಗಿ ಕಾಣುತ್ತವೆ, ಗ್ರಾಹಕರ ತೊಂದರೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಕರೆಂಟ್ ಅಥವಾ ನೆಟ್‌ವರ್ಕ್ 2 ಗಂಟೆಗಿಂತ ಹೆಚ್ಚು ಇಲ್ಲದ ದಿನಗಳನ್ನು ಮೊದಲ ಅಂಶದ ಲೆಕ್ಕದಿಂದ ಬಿಡಲಾಗುತ್ತದೆ. ಆದರೆ ಆ ಅವಧಿಯ ದಾಖಲೆಯನ್ನು ಲೀಡ್ ಅದೇ ದಿನ ಸಲ್ಲಿಸಿರಬೇಕು. ತಂಡದ ಅಂಕಿಗಳು ಸತತ 2 ತಿಂಗಳು ಗುರಿ ಮುಟ್ಟದಿದ್ದರೆ, ವ್ಯವಸ್ಥಾಪಕರು ಲೀಡ್ ಜೊತೆ ಕುಳಿತು ಕಾರಣ ಹುಡುಕಿ, 60 ದಿನಗಳ ಸುಧಾರಣಾ ಯೋಜನೆಯನ್ನು ಬರಹದಲ್ಲಿ ರೂಪಿಸುತ್ತಾರೆ.

ಅರ್ಹತೆ

ಯಾವುದೇ ಪದವಿ, ಗ್ರಾಹಕ ಸೇವೆಯಲ್ಲಿ 4 ವರ್ಷದ ಅನುಭವ, ಅದರಲ್ಲಿ ಕನಿಷ್ಠ 1 ವರ್ಷ ಇತರರ ಕೆಲಸವನ್ನು ನೋಡಿಕೊಂಡಿರಬೇಕು. ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಮಾತು, ಬರಹ ಎರಡೂ ಸ್ಪಷ್ಟವಾಗಿರಬೇಕು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಅಥವಾ ಹಿಂದಿ ತಿಳಿದಿದ್ದರೆ ಅನುಕೂಲ. ಸ್ಪ್ರೆಡ್‌ಶೀಟ್‌ನಲ್ಲಿ ವಾರದ ವರದಿ ತಯಾರಿಸಲು ಬರಬೇಕು. ಅರೇಬಿಕಾ ಮತ್ತು ರೋಬಸ್ಟಾಗಳ ವ್ಯತ್ಯಾಸ, ಚಿಕೋರಿಯ ಪ್ರಮಾಣ ಮುಂತಾದವನ್ನು ನಾವೇ ಕಲಿಸುತ್ತೇವೆ.

ಆಯ್ಕೆ

ಅರ್ಜಿಯ ಜೊತೆಗೆ, ತಾವು ನಿಭಾಯಿಸಿದ ಒಂದು ಕಠಿಣ ದೂರನ್ನು ಕುರಿತು ಒಂದು ಪುಟದ ಬರಹವನ್ನು ಏಪ್ರಿಲ್ 20ರೊಳಗೆ ಕುಶಾಲನಗರ ಕಚೇರಿಗೆ ತಲುಪಿಸಬೇಕು. ಆಯ್ಕೆಯಾದವರು ಸಂದರ್ಶನದ ದಿನ ಎರಡು ಧ್ವನಿಮುದ್ರಿತ ಕರೆಗಳನ್ನು ಆಲಿಸಿ, ಆ ಪ್ರತಿನಿಧಿಗಳಿಗೆ ಏನು ಹೇಳುವಿರಿ ಎಂಬುದನ್ನು ನಮ್ಮೆದುರು ವಿವರಿಸಬೇಕು. ಕೆಲಸಕ್ಕೆ ಸೇರುವ ದಿನಾಂಕ ಮೇ 4.