ಗಿರಿಜಕ್ಕಗ: ಇವತ್ತಿನ ಮೀಟಿಂಗ್‌ನ್ಯಾಗ ಯಾರ್ಯಾರು ಏನೇನಂದ್ರು

ಗಿರಿಜಕ್ಕ, ನಮಸ್ಕಾರ್ರಿ. ಇವತ್ತು ಬುಧವಾರದ ಮೀಟಿಂಗ್‌ದು ಕ್ಯಾಪ್ಶನ್ ಪೂರಾ ಕಾಪಿ ಮಾಡಿ ಇಟ್ಕೊಂಡಿದ್ದೆ, ಅದನ್ನ ಓದಿ ಓದಿ ಸಣ್ಣದು ಮಾಡಿ ಬರ್ದೀನಿ. ನೀವು ಮಾನ್ವಿಯಿಂದ ನೋಡಿದಾಗ ಎಲ್ಲಾ ಮಾತಿನ ಮುಂದೂ ಬಸವರಾಜ್ ಅಂತನ ಬಂದಿರ್ತದ, ಯಾಕಂದ್ರ ರಾಯಚೂರು ಆಫೀಸ್‌ನ್ಯಾಗ ಐದೂ ಮಂದಿ ಸರ್ ಲ್ಯಾಪ್‌ಟಾಪ್ ಒಂದರ ಮುಂದನ ಕುಂತಿದ್ವಿ, ಅದಕ್ಕ ಸರ್ ತಾವ ಕೇಳಿ ತಾವ ಉತ್ತರ ಕೊಟ್ಟು ತಮ್ಮ ಜೋಡಿ ತಾವ ಜಗಳ ಆಡಿದಂಗ ಕಾಣ್ತದ. ನಾ ಅಲ್ಲೇ ಇದ್ದೆ, ಯಾವ ಮಾತು ಯಾರದು ಅಂತ ನೆನಪದ, ಹಂಗ ಹೆಸ್ರು ಹಚ್ಚೀನಿ. ಖಾತ್ರಿ ಇಲ್ಲದ ಕಡೆ ಇಲ್ಲ ಅಂತನ ಬರ್ದೀನಿ. ಕ್ಯಾಪ್ಶನ್ ಪೂರಾ ಬೇಕಂದ್ರ ಅದನ್ನೂ ಕಳಸ್ತೀನಿ, ಆದ್ರ ಅದ್ರಾಗ ಹತ್ತಿ ಅಂದಲ್ಲೆಲ್ಲಾ ‘ಅತ್ತಿ’ ಅಂತ ಬಂದದ. “ಅತ್ತೀನ ಎರಡು ದಿನ ಬಿಸಿಲಿಗೆ ಹಾಕ್ರಿ” ಅಂತ ಓದಿ ನೀವು ಗಾಬರಿ ಆಗ್ಬ್ಯಾಡ್ರಿ.

ಸುರುವಿಗೆ ಸರ್ ಕೇಳಿದ್ದು ಕಪಾಸ್ ಕಿಸಾನ್ ಆ್ಯಪ್‌ದು. ಎಷ್ಟು ಮಂದೀದು ನೋಂದಣಿ ಆಗ್ಯದ ಅಂತ. ವೀರೇಶ ಹೇಳಿದ, ತನ್ನ ಲೈನ್‌ನ್ಯಾಗ 41 ಮಂದಿ ಸದಸ್ಯರು, ಅದ್ರಾಗ 26 ಆಗ್ಯಾವ, 15 ಬಾಕಿ ಅಂತ. (ಕ್ಯಾಪ್ಶನ್‌ದಾಗ 50 ಬಾಕಿ ಅಂತ ಬಂದದ, ತಪ್ಪು, 15.) ಬಾಕಿ ಯಾಕ ಅಂದ್ರ ಒಟಿಪಿ ಹೋಗೋ ನಂಬರು ಬೆಂಗಳೂರಿಗೆ ದುಡಿಯಾಕ ಹೋದ ಮಗನ ಕಡೆ ಅದ, ಮಗ ಹಗಲೆಲ್ಲಾ ಫೋನ್ ಎತ್ತಲ್ಲ, ರಾತ್ರಿ ಎತ್ತಿದ್ರ ಇಲ್ಲಿ ನೆಟ್‌ವರ್ಕ್ ಇರಲ್ಲ. ಸರ್ ಅಂದ್ರು, ಹಂಗಾದ್ರ ಆ 15 ಮಂದಿ ಮನಿಗೆ ಸಂಜಿಕಡೆ ಹೋಗು, ಶನಿವಾರದೊಳಗ ಮುಗಿಸು. ವೀರೇಶ “ನೋಡ್ತೀನ್ರಿ” ಅಂದ. ಮುಗಿಸ್ತೀನಿ ಅನ್ನಲಿಲ್ಲ, ನೋಡ್ತೀನಿ ಅಷ್ಟ ಅಂದ, ಇದನ್ನ ನಾ ಬೇಕಂತನ ಬರ್ದೀನಿ.

ಆಮ್ಯಾಲ ತೇವಾಂಶದ ಮಾತು ಬಂತು, ಇದು ಅರ್ಧ ತಾಸು ನಡೀತು. ಕ್ಯಾಪ್ಶನ್‌ದಾಗ ‘ದೇವಾಂಶ’ ಅಂತ ಬಂದದ್ದೆಲ್ಲಾ ತೇವಾಂಶನ. “ದೇವಾಂಶ ಹನ್ನೆರಡು ದಾಟಿದ್ರ ವಾಪಸ್” ಅಂದದ್ದು ಖಾಜಾ ಭಾಯ್. ಅವ್ರು ಜಿನ್ನಿಂಗ್ ಮಿಲ್‌ನ್ಯಾಗಿನ ಸಿಸಿಐ ಕೇಂದ್ರಕ್ಕ ನಿನ್ನೆ ಹೋಗಿ ಬಂದಾರ. ಅವ್ರು ಹೇಳಿದ್ದಿಷ್ಟು: ಉದ್ದ ಎಳಿ ಹತ್ತಿಗೆ 2025-26ರ ಬೆಂಬಲ ಬೆಲಿ ಕ್ವಿಂಟಲ್‌ಗೆ 8,110, ಅದು ತೇವ 8 ಇದ್ರ ಮಾತ್ರ, ಮ್ಯಾಲ ಒಂದೊಂದು ಪಾಯಿಂಟಿಗೂ ನೂರಕ್ಕ ಒಂದು ರೂಪಾಯಿ ಲೆಕ್ಕದ ಮ್ಯಾಲ ಕಟ್, 12ರ ತನಕ ಹಿಂಗ, ಆಮ್ಯಾಲ ತಗೊಳ್ಳೋದ ಇಲ್ಲ. ಅಂದ್ರ 10 ಬಂದ್ರ 162 ರೂಪಾಯಿ ಹೋಯ್ತು. ನಮ್ಮ ಮಂದಿ ಹತ್ತಿ ಮೀಟರ್ ಹಚ್ಚಿ ನೋಡಿದ್ರ 14 ತೋರಸ್ತು, ಮುಂಜಾನೆ ಮಂಜಿನಾಗ ಬಿಡಿಸಿ ಅವತ್ತ ಅಂಡಿಗಿ ತುಂಬಿದ್ರ ಇನ್ನೇನಾಗ್ತದ ಅಂದ್ರು. (8,110 ಅನ್ನೋದು ಕ್ಯಾಪ್ಶನ್‌ದಾಗ ‘ಎಂಟು ಸಾವಿರದ ಹನ್ನೊಂದು’ ಆಗ್ಯದ. ಲೆಕ್ಕ ಹಾಕೋರು ನೀವ, ಅದಕ್ಕ ಖಾಜಾ ಭಾಯ್ ಕಡೆ ಮತ್ತೊಮ್ಮೆ ಕೇಳಿ ಖಾತ್ರಿ ಮಾಡ್ಕೊಂಡೀನಿ.)

ಮಲ್ಲಮ್ಮಗ ಇದು ಸರಿ ಬರ್ಲಿಲ್ಲ. ಅವ್ರ ಮಾತು ಇದ್ದಂಗ ಬರೀತೀನಿ: “ಒಣಗಸ್ರಿ ಅಂತೀರಿ, ಎಲ್ಲಿ ಒಣಗಸ್ಲಿ? ಮನಿ ಮುಂದ ರೋಡು, ಹಿಂದ ಗ್ವಾಡಿ. ತಾಡಪತ್ರಿ ಹೊಚ್ಚಾಕ ರಾತ್ರಿ ಎರಡು ಸಲ ಏಳ್ಬೇಕು. ಕೂಲಿಯವ್ರಿಗೆ ಸಂತಿ ದಿನ ರೊಕ್ಕ ಬೇಕು. ದಲಾಲಿ ಕಡಿಮಿ ಕೊಟ್ರೂ ಕೈಯಾಗ ಕೊಡ್ತಾನ.” ಖಾಜಾ ಭಾಯ್ ಅದಕ್ಕ ಇಲ್ಲ ಅನ್ನಲಿಲ್ಲ, ಆಫೀಸ್ ಗೋದಾಮಿನ ಮುಂದಿನ ಕಟ್ಟಿ ಖಾಲಿ ಅದ, ಹತ್ತು ಮಂದಿ ಹತ್ತಿ ಪಾಳಿ ಮ್ಯಾಲ ಹಾಕ್ಬಹುದು ಅಂದ್ರು. ಮಲ್ಲಮ್ಮ “ಕಾವಲು ಯಾರು?” ಅಂದ್ರು. ಇಲ್ಲಿ ಖಾಜಾ ಭಾಯ್, ವೀರೇಶ, ಸರ್ ಮೂರೂ ಮಂದಿ ಒಮ್ಮೆಗೇ ಮಾತಾಡಿದ್ರು, ಕ್ಯಾಪ್ಶನ್ ಪೂರಾ ಕಲಸುಮೇಲೋಗರ, ‘ದನ’ ಅಂತ ಒಂದು ಶಬ್ದ ಅದ, ಯಾರಂದ್ರು ಗೊತ್ತಿಲ್ಲ. ಕಡೀಗೆ ಸರ್ ಹೇಳಿದ್ದು ಮಾತ್ರ ಖಾತ್ರಿ: ಕಟ್ಟಿ ಮ್ಯಾಲ ಒಣಗ್ಸೋದು ಸೋಮವಾರದಿಂದ ಸುರು, ಕಾವಲಿಂದು ಖಾಜಾ ಭಾಯ್ ಜವಾಬ್ದಾರಿ. ಖಾಜಾ ಭಾಯ್ ಹೂಂ ಅಂದ್ರು. ಮಲ್ಲಮ್ಮ ಸುಮ್ನಿದ್ರು, ಒಪ್ಕೊಂಡ್ರು ಅಂತ ನಾ ಬರೆಯಲ್ಲ.

ವ್ಯಾನ್ ಬಾಡಿಗಿ ಮಾತು ಎರಡ ನಿಮಿಷ. ಸರ್ ಹಳೇ ರೇಟ್ ಇರ್ಲಿ ಅಂದ್ರು, ಯಾರೂ ಏನೂ ಅನ್ನಲಿಲ್ಲ.

ಈಗ ನಿಮ್ಮ ಮಾತು, ಅಕ್ಕಾ. 11:40ರ ಸುಮಾರು ನಿಮ್ಮ ಕಡೆ ಸ್ಕ್ರೀನ್ ನಿಂತಿತ್ತು, ನಿಮಗ ಇದು ಕಂಡಿರ್ಲಿಕ್ಕಿಲ್ಲ. ಕೇಂದ್ರಕ್ಕ ಹತ್ತಿ ಒಯ್ಯೋ ಸ್ಲಾಟ್ ದಿನ ರೈತರಿಗೆ ತಿಳ್ಸೋರು ಯಾರು ಅಂತ ಬಂತು. ಸರ್ “ಗಿರಿಜಾ ಮಾಡ್ಲಿ, ಪಟ್ಟಿ ಎಲ್ಲಾ ಅವ್ರ ಕಡೇನ ಅದ” ಅಂದ್ರು. ವೀರೇಶ “ಅಕ್ಕಗ ಫೋನ್ ಮಾತು ಆಗಲ್ಲ ಬಿಡ್ರಿ ಸರ್, ನಾನ ಮಾಡ್ತೀನಿ” ಅಂದ. ಇದು ಅವನ ಮಾತ, ಕ್ಯಾಪ್ಶನ್‌ದಾಗ ಸರ್ ಹೆಸ್ರಿಗೆ ಬಿದ್ದದ, ಅದಕ್ಕ ಸರ್ ಹಿಂಗಂದ್ರು ಅಂತ ತಿಳ್ಕೋಬ್ಯಾಡ್ರಿ. ಮಲ್ಲಮ್ಮ ಸಿಟ್ಟಿಗೆದ್ರು: “ಹೋದ ವರ್ಷ ನನ್ನ ಪಾಸ್‌ಬುಕ್ಕಿಂದು ತಪ್ಪು ಹಿಡ್ದಾಕಿ ಗಿರಿಜಾ. ವಾಟ್ಸಾಪ್‌ನ್ಯಾಗ ಬರ್ದು ಹಾಕಿದ್ಲು, ನನ್ನ ಮೊಮ್ಮಗಳು ಓದಿ ಹೇಳಿದ್ಲು. ಫೋನ ಯಾಕ ಬೇಕು? ಆಕೀನ್ನ ಕೇಳ್ರಿ ಮೊದ್ಲು.” ಸರ್ ಸ್ವಲ್ಪ ಹೊತ್ತು ಬಿಟ್ಟು “ಮೌನೇಶ, ನೀ ಕೇಳಿ ಹೇಳು” ಅಂದ್ರು. ಹಂಗಾಗಿ ಇದು ತೀರ್ಮಾನ ಆಗಿಲ್ಲ.

ಕ್ಯಾಪ್ಶನ್‌ದಾಗ ಇಲ್ಲದ್ದೊಂದು ಅದ, ಅದನ್ನೂ ಹೇಳಿ ಬಿಡ್ತೀನಿ. ವೀರೇಶ ಹಂಗಂದಾಗ ನಾನೂ ತಲಿ ಅಲ್ಲಾಡ್ಸಿದೆ. ಬಾಯಿಲೆ ಏನೂ ಅನ್ನಲಿಲ್ಲ, ಅದಕ್ಕ ಬಂದಿಲ್ಲ. ಮಲ್ಲಮ್ಮ ನನ್ನ ಕಡೆ ನೋಡಿದ್ರು, ಆಗ ತಲಿ ತಗ್ಗಿಸಿದೆ.

ನೀವ ಮಾಡ್ತೀರಾ, ವಾಟ್ಸಾಪ್ ಮ್ಯಾಲ? ಅಥವಾ ಪಟ್ಟಿ ಕಳ್ಸಿದ್ರ ವೀರೇಶ ಫೋನ್ ಮಾಡ್ಲಿ, ಓದಾಕ ಬರದವ್ರಿಗೆ ಮಾತ್ರ? ನಿಮ್ಮ ಮಾತು ಹೆಂಗದನೋ ಹಂಗ ಸರ್‌ಗೆ ಮುಟ್ಟಸ್ತೀನಿ, ಗ್ರೂಪ್‌ನ್ಯಾಗ ನೀವ ಬರ್ದ್ರ ಇನ್ನೂ ಛಲೋ. ಇನ್ನೊಂದು, ತೇವದ ಕಟ್ ಲೆಕ್ಕದ ತಖ್ತೆ 8ರಿಂದ 12ರ ತನಕ ಮಾಡಿ ಕೊಡಾಕ ಸರ್ ನಿಮ್ಮ ಹೆಸ್ರು ಹೇಳ್ಯಾರ, ಇದಕ್ಕ ಯಾರೂ ಅಡ್ಡ ಮಾತಾಡಿಲ್ಲ, ಶುಕ್ರವಾರ ಬೇಕಂತ.

ಮುಂದಿನ ಬುಧವಾರ ಒಬ್ಬೊಬ್ರೂ ತಮ್ಮ ತಮ್ಮ ಫೋನಿಲೆ ಸೇರ್ಕೊಳ್ರಿ ಅಂತ ಹೇಳೀನಿ, ಹೆಸ್ರು ಬ್ಯಾರೆ ಬ್ಯಾರೆ ಬರ್ತಾವ. ಖಾಜಾ ಭಾಯ್ ಫೋನ್ ಚಾರ್ಜರ್ ಕೆಟ್ಟದಂತ, ಅವ್ರು ನನ್ನ ಬಾಜೂಕ ಕುಂದ್ರತಾರ, ಅವತ್ತು ಮೌನೇಶ ಅಂತ ಬಂದು ಮಾತಿನಾಗ ನಡುನಡುವ ‘ಅರೆ ಭಾಯ್’ ಇದ್ರ ಅದು ಅವ್ರದು ಅಂತ ತಿಳ್ಕೊಳ್ರಿ.

ಮೌನೇಶ