ಸಿಬ್ಬಂದಿ ಸೋಷಿಯಲ್ ಮೀಡಿಯಾ ನಿಯಮ (ಬದಲಿಸಿ ಬರೆದದ್ದು, ನವೆಂಬರ್ 1ರಿಂದ ಜಾರಿ)

ನಮ್ಮ ಆಸ್ಪತ್ರೆಯ ಹಳೇ ನಿಯಮದಲ್ಲಿ "ಸಂಸ್ಥೆಯ ಘನತೆಗೆ ಧಕ್ಕೆ ತರುವ ಪೋಸ್ಟ್ ಹಾಕಿದವರು ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ" ಎಂಬ ಸಾಲಿತ್ತು. ಯಾವ ಪೋಸ್ಟು, ಏನು ಪರಿಣಾಮ, ಯಾರಿಗೂ ಗೊತ್ತಿರಲಿಲ್ಲ. ಆ ಸಾಲನ್ನು ತೆಗೆದಿದ್ದೇವೆ.

ರೋಗಿಗಳ ವಿಷಯ
ಇಲ್ಲಿ ಮಾತ್ರ ನಾವು ಬಿಗಿ. ಮನೆಯವರಿಗೂ ಹೇಳದ್ದನ್ನು ರೋಗಿ ನಮಗೆ ಹೇಳಿರುತ್ತಾರೆ. ಅದು ಹೊರಗೆ ಹೋದರೆ ಮುಂದಿನ ಸಲ ನಿಜ ಹೇಳುವುದಿಲ್ಲ, ಚಿಕಿತ್ಸೆ ತಪ್ಪುತ್ತದೆ. ಎಚ್‌ಐವಿ ಮತ್ತು ಮಾನಸಿಕ ಆರೋಗ್ಯದ ವಿಷಯದಲ್ಲಿ 2017ರ ಎರಡು ಕಾಯ್ದೆಗಳೂ ಗುಟ್ಟು ಕಾಯಬೇಕು ಎನ್ನುತ್ತವೆ.

ಹೆಸರು ಹಾಕದಿದ್ದರೆ ಸಾಕು ಎಂದುಕೊಳ್ಳಬೇಡಿ. "ನಮ್ಮೂರ ಹೈಸ್ಕೂಲ್ ಮೇಷ್ಟ್ರು ಇವತ್ತು ಡಯಾಲಿಸಿಸ್‌ಗೆ ಬಂದಿದ್ರು, ಪಾಪ" ಎಂದು ಸ್ಟೇಟಸ್ ಹಾಕಿದರೆ ಊರಿಗೆಲ್ಲ ಗೊತ್ತಾಯಿತು, ಅಲ್ವಾ? ಆಯುಧ ಪೂಜೆಯ ದಿನ ವಾರ್ಡಿನಲ್ಲಿ ಫೋಟೋ ತೆಗೆಯಿರಿ, ಆದರೆ ಹಿಂದಿನ ಬೋರ್ಡಿನಲ್ಲಿ ರೋಗಿಗಳ ಹೆಸರು, ಬೆಡ್ ನಂಬರ್ ಕಾಣದಂತೆ ನೋಡಿಕೊಳ್ಳಿ. ಹುಟ್ಟಿದ ಮಗುವಿನ ಫೋಟೋ ಹಾಕುವ ಖುಷಿ ಅವರ ಅಪ್ಪ ಅಮ್ಮನದು. ಅದನ್ನು ಅವರಿಗೇ ಬಿಡಿ. ವಾಟ್ಸಾಪ್ ಸ್ಟೇಟಸ್, ಫ್ಯಾಮಿಲಿ ಗ್ರೂಪ್ ಕೂಡ ಲೆಕ್ಕಕ್ಕೆ ಬರುತ್ತವೆ.

ನಿಮ್ಮ ಸ್ವಂತ ಮಾತು
ರಾಜಕೀಯ, ದೇವರು, ಸಿನಿಮಾ, ಕ್ರಿಕೆಟ್ ನಿಮ್ಮಿಷ್ಟ. ಒಂದೇ ಕೇಳಿಕೆ: ಪಕ್ಷ ಅಥವಾ ಧರ್ಮದ ಪರ ವಿರೋಧ ಬರೆಯುವಾಗ ಯೂನಿಫಾರಂ, ಐಡಿ ಕಾರ್ಡ್ ಇರುವ ಫೋಟೋ ಬೇಡ. ಓದಿದವರು ಅದನ್ನು ಆಸ್ಪತ್ರೆಯ ಮಾತೆಂದು ತಿಳಿಯುತ್ತಾರೆ. ನಾಳೆ ನಿಮ್ಮಿಂದ ಇಂಜೆಕ್ಷನ್ ಹಾಕಿಸಿಕೊಳ್ಳುವವರಿಗೆ ಹಿಂಜರಿಕೆ ಆಗಬಾರದು.

"ಸತತ ನಾಲ್ಕನೇ ನೈಟ್ ಡ್ಯೂಟಿ, ಕಾಲು ಬಿದ್ದುಹೋಯ್ತು", "ಈ ಸಲವೂ ಸಂಬಳ ಏರಲಿಲ್ಲ": ಇವು ತಪ್ಪಲ್ಲ. ನಮಗೆ ಓದಲು ಕಷ್ಟವಾಗಬಹುದು, ಅಷ್ಟೇ. ಸಹೋದ್ಯೋಗಿಯ ಜಾತಿ, ಮೈಬಣ್ಣ ಹಿಡಿದು ಹೀಯಾಳಿಸುವುದು ಮಾತ್ರ ದೂರು ಅಲ್ಲ, ಅವಮಾನ. ಅದಕ್ಕೆ ಅವಕಾಶವಿಲ್ಲ. ಲೈಂಗಿಕ ಕಿರುಕುಳದ ಬಗ್ಗೆ ದೂರು ಕೊಟ್ಟವರ ಬಾಯಿ ಮುಚ್ಚಿಸಲು ಈ ನಿಯಮವನ್ನು ಯಾರೂ ಬಳಸುವಂತಿಲ್ಲ.

ಮೇಲಿನವರಿಗೂ ಒಂದು ಮಾತು: ಸಿಬ್ಬಂದಿಯ ಪಾಸ್‌ವರ್ಡ್ ಕೇಳಬೇಡಿ, ಫ್ರೆಂಡ್ ರಿಕ್ವೆಸ್ಟ್ ಒಪ್ಪಿಕೊಳ್ಳಿ ಎಂದು ಒತ್ತಾಯ ಮಾಡಬೇಡಿ.

ತಪ್ಪಾದರೆ
ಗೊತ್ತಿಲ್ಲದೆ ಆದ ತಪ್ಪಿಗೆ ಮೊದಲು ಫೋನ್ ಮಾಡಿ ತೆಗೆಯಲು ಹೇಳುತ್ತೇವೆ. ತೆಗೆದರೆ ಮುಗಿಯಿತು, ಫೈಲಿಗೆ ಹೋಗುವುದಿಲ್ಲ. ಹೇಳಿದ ಮೇಲೂ ತೆಗೆಯದಿದ್ದರೆ, ಅಥವಾ ಬೇಕೆಂದೇ ರೋಗಿಯ ಮಾಹಿತಿ ಹಾಕಿದರೆ, ಲಿಖಿತ ನೋಟಿಸ್ ಕೊಡುತ್ತೇವೆ. ಉತ್ತರಕ್ಕೆ 7 ದಿನ. ವಿಚಾರಣೆಗೆ ಜೊತೆಯವರೊಬ್ಬರನ್ನು ಕರೆತರಬಹುದು. ತಪ್ಪು ಸಾಬೀತಾದರೆ ಎಚ್ಚರಿಕೆ ಪತ್ರದಿಂದ ಹಿಡಿದು ಕೆಲಸದಿಂದ ತೆಗೆಯುವವರೆಗೂ ಕ್ರಮ ಆಗಬಹುದು. ಯಾರೋ ಕಳಿಸಿದ ಸ್ಕ್ರೀನ್‌ಶಾಟ್ ಒಂದನ್ನೇ ನಂಬಿ ಕ್ರಮ ಕೈಗೊಳ್ಳುವುದಿಲ್ಲ.

ಹಾಕಲೋ ಬೇಡವೋ ಎಂಬ ಅನುಮಾನವಿದ್ದರೆ, ಹಾಕುವ ಮೊದಲು ನೆಲಮಹಡಿಯ ಎಚ್‌ಆರ್ ಕೋಣೆಗೆ ಬಂದು ತೋರಿಸಿ. ಸುಮ್ನೆ ಕೇಳಿದ್ದಕ್ಕೆ ಯಾರ ಹೆಸರನ್ನೂ ಬರೆದಿಡುವುದಿಲ್ಲ.