ಹೋಟೆಲ್ ಬುಕಿಂಗ್ ರದ್ದತಿ, HB-72940316: ಟಿಪ್ಪಣಿ ಮತ್ತು ಇಮೇಲ್

ಬರೆದುಕೊಂಡ ಟಿಪ್ಪಣಿ

ಬುಕಿಂಗ್ ನಂಬರ್ HB-72940316. ಸಬ್ಜೆಕ್ಟ್ ಸಾಲಿನಲ್ಲೇ ಹಾಕಬೇಕು.

ನವೆಂಬರ್ 14ರಿಂದ 17, ಎರಡು ರೂಮ್, 3 ರಾತ್ರಿ. ಬುಕ್ ಮಾಡಿದ್ದು ಹೋಟೆಲ್‌ನವರ ವೆಬ್‌ಸೈಟ್‌ನಲ್ಲೇ. ಮಧ್ಯೆ ಏಜೆಂಟ್ ಇಲ್ಲ, ಬೇರೆ ಆ್ಯಪ್ ಇಲ್ಲ. ಇದನ್ನು ಹೇಳಲೇಬೇಕು, ಇಲ್ಲಾಂದ್ರೆ "ಬುಕ್ ಮಾಡಿದ ಕಡೆ ಕೇಳಿ" ಅಂತಾರೆ.

ನಮ್ಮ ರೂಮ್: ಚೆಕ್-ಇನ್‌ಗೆ 72 ಗಂಟೆ ಮೊದಲು ರದ್ದು ಮಾಡಿದರೆ ಪೂರ್ತಿ ವಾಪಸ್. ಚೆಕ್-ಇನ್ 14ಕ್ಕೆ ಮಧ್ಯಾಹ್ನ 2. ಅಂದ್ರೆ 11ರ ಮಧ್ಯಾಹ್ನ 2ರ ತನಕ. ಇವತ್ತು 9. ಈ ರಾತ್ರಿಯೇ ಕಳಿಸಬೇಕು.

ಅಣ್ಣ, ಅತ್ತಿಗೆಯ ರೂಮ್: ಕಡಿಮೆ ದರದ್ದು, ರಿಫಂಡ್ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಜಗಳ ಬೇಡ, ಕೇಳಿ ನೋಡೋಣ. ಮೊದಲು ದಿನಾಂಕ ಬದಲಾವಣೆ. ಆಗಲ್ಲ ಅಂದರೆ ತೆರಿಗೆ ಭಾಗವಾದರೂ ಬರುತ್ತಾ?

ವೆಬ್‌ಸೈಟ್‌ನ ಕ್ಯಾನ್ಸಲ್ ಬಟನ್ ಒತ್ತಬಾರದು. ಎರಡೂ ರೂಮ್ ಒಂದೇ ನಂಬರ್‌ನಲ್ಲಿವೆ. ಒತ್ತಿದರೆ ಎರಡೂ ಹೋಗುತ್ತೆ, ಆಮೇಲೆ ಅಣ್ಣನ ರೂಮಿನ ಬಗ್ಗೆ ಕೇಳೋಕೆ ಏನೂ ಉಳಿಯಲ್ಲ.

ಹಳೇ ಕಾರ್ಡ್ ಬ್ಲಾಕ್ ಆಗಿದೆ. ದುಡ್ಡು ಎಲ್ಲಿಗೆ ಬರುತ್ತೆ? ಕಾರ್ಡಿನ ಪೂರ್ತಿ ನಂಬರ್ ಮೇಲ್‌ನಲ್ಲಿ ಬರೆಯೋದು ಬೇಡ, ಕೊನೆಯ 4 ಅಂಕಿ ಸಾಕು.

ರದ್ದಾಗಿದೆ ಅಂತ ಬರಹದಲ್ಲಿ ಬೇಕು. ಫೋನಲ್ಲಿ ಹೇಳಿದ್ದು ಸಾಲದು.

ಇಮೇಲ್

ವಿಷಯ: ಬುಕಿಂಗ್ HB-72940316 (14–17 ನವೆಂಬರ್ 2025): ಒಂದು ರೂಮ್ ರದ್ದು, ಇನ್ನೊಂದರ ದಿನಾಂಕ ಬದಲಾವಣೆಗೆ ವಿನಂತಿ, ರಿಫಂಡ್ ವಿವರ

ರಿಸರ್ವೇಶನ್ ವಿಭಾಗದವರಿಗೆ,

ನಮಸ್ಕಾರ. ನನ್ನ ಹೆಸರಿನಲ್ಲಿ ನಿಮ್ಮ ಹೋಟೆಲ್‌ನಲ್ಲಿ ಎರಡು ರೂಮ್ ಬುಕ್ ಆಗಿವೆ. ಬುಕಿಂಗ್ ಸಂಖ್ಯೆ HB-72940316. ಚೆಕ್-ಇನ್ 2025ರ ನವೆಂಬರ್ 14, ಚೆಕ್-ಔಟ್ ನವೆಂಬರ್ 17. ಸೆಪ್ಟೆಂಬರ್ 3ರಂದು ನಿಮ್ಮ ವೆಬ್‌ಸೈಟ್‌ನಿಂದಲೇ ನೇರವಾಗಿ ಬುಕ್ ಮಾಡಿದ್ದೆ. ನೀವು ಕಳಿಸಿದ್ದ ಕನ್ಫರ್ಮೇಶನ್‌ನ ಪ್ರತಿಯನ್ನು ಇದರ ಜೊತೆ ಲಗತ್ತಿಸಿದ್ದೇನೆ.

ಆ ದಿನಗಳಲ್ಲಿ ನಮ್ಮಲ್ಲಿ ಯಾರೂ ಬರಲು ಆಗುವುದಿಲ್ಲ. ಅಪ್ಪ ಬಿದ್ದು ಸೊಂಟದ ಮೂಳೆ ಮುರಿದಿದೆ. ಆಪರೇಶನ್ ಆಗಿದೆ. ಇನ್ನು ಕೆಲವು ವಾರ ನಾನು, ಅಣ್ಣ ಇಬ್ಬರೂ ಅವರ ಜೊತೆ ಇರಬೇಕು.

ಮೊದಲ ರೂಮ್ (ಡಬಲ್, ಬೇಕೆಂದಾಗ ರದ್ದು ಮಾಡಬಹುದಾದ ದರ): ಇದನ್ನು ದಯವಿಟ್ಟು ಈಗಲೇ ರದ್ದು ಮಾಡಿ. ಚೆಕ್-ಇನ್‌ಗೆ 72 ಗಂಟೆ ಮೊದಲು ತಿಳಿಸಿದರೆ ಶುಲ್ಕ ಇಲ್ಲ ಎಂದು ನಿಮ್ಮ ಕನ್ಫರ್ಮೇಶನ್‌ನಲ್ಲಿದೆ. ನಿಮ್ಮ ಚೆಕ್-ಇನ್ ಸಮಯ ಮಧ್ಯಾಹ್ನ 2 ಗಂಟೆ. ಹಾಗಾಗಿ ನವೆಂಬರ್ 11ರ ಮಧ್ಯಾಹ್ನ 2ರ ತನಕ ಅವಕಾಶ ಇದೆ ಎಂದು ಲೆಕ್ಕ ಹಾಕಿದ್ದೇನೆ. ಈ ಮೇಲ್ ಕಳಿಸುತ್ತಿರುವುದು ನವೆಂಬರ್ 9ರ ರಾತ್ರಿ. ಉತ್ತರ ಕೊಡುವುದು ನಿಮಗೆ ಒಂದೆರಡು ದಿನ ತಡವಾದರೂ, ದಯವಿಟ್ಟು ಈ ಮೇಲ್ ತಲುಪಿದ ಸಮಯವನ್ನೇ ರದ್ದತಿಯ ಸಮಯ ಎಂದು ಪರಿಗಣಿಸಿ. ನೀವು 72 ಗಂಟೆಯನ್ನು ಬೇರೆ ರೀತಿ ಎಣಿಸುವುದಾದರೆ, ಅಂದರೆ 14ರ ಬೆಳಗಿನ ಜಾವದಿಂದ ಎಣಿಸಿದರೂ, ನಾನು ಗಡುವಿನ ಒಳಗೇ ಇದ್ದೇನೆ.

ಈ ರೂಮಿಗೆ ಒಂದು ರಾತ್ರಿಯ ಬಾಡಿಗೆಯಷ್ಟು ಮೊತ್ತ ನನ್ನ ಕಾರ್ಡಿನಲ್ಲಿ ಹಿಡಿದಿಟ್ಟಂತೆ ಕಾಣುತ್ತಿದೆ. ಅದು ನಿಜವಾಗಿ ಕಡಿತವಾದ ಹಣವೋ, ಸುಮ್ನೆ ತಡೆಹಿಡಿದ ಮೊತ್ತವೋ ತಿಳಿಸುತ್ತೀರಾ? ತಡೆಹಿಡಿದದ್ದಾದರೆ ಅದನ್ನು ಬಿಡುಗಡೆ ಮಾಡಿದರೆ ಸಾಕು. ಕಡಿತವಾಗಿದ್ದರೆ ರಿಫಂಡ್ ಮಾಡಬೇಕಾಗುತ್ತದೆ. ಬ್ಯಾಂಕಿನವರ ಹತ್ತಿರ ವಿಚಾರಿಸುವಾಗ ಈ ವ್ಯತ್ಯಾಸ ನನಗೆ ಗೊತ್ತಿರಬೇಕು.

ಎರಡನೇ ರೂಮ್ (ಟ್ವಿನ್, ರಿಫಂಡ್ ಇಲ್ಲದ ದರ): ಇದರ ಪೂರ್ತಿ ಹಣ ಬುಕ್ ಮಾಡಿದ ದಿನವೇ ಕಟ್ಟಿದ್ದೇನೆ. ದರ ಕಡಿಮೆ ಇದ್ದದ್ದೇ ಈ ಷರತ್ತಿನ ಕಾರಣಕ್ಕೆ. ಅದನ್ನು ಓದಿಯೇ ಒಪ್ಪಿಕೊಂಡಿದ್ದೆ. ಆದ್ದರಿಂದ ಇದು ಹಕ್ಕಿನ ಮಾತಲ್ಲ, ವಿನಂತಿ. ಇದೇ ಹಣಕ್ಕೆ ಮುಂದಿನ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ 3 ರಾತ್ರಿ ಉಳಿಯಲು ದಿನಾಂಕ ಬದಲಿಸಿಕೊಡಲು ಆಗುತ್ತದೆಯೇ? ಆಗ ನಿಮ್ಮ ದರ ಜಾಸ್ತಿ ಇದ್ದರೆ ವ್ಯತ್ಯಾಸ ಕಟ್ಟುತ್ತೇನೆ. ಯಾವ ದಿನವಾದರೂ ಪರವಾಗಿಲ್ಲ, ನಿಮ್ಮಲ್ಲಿ ರೂಮ್ ಖಾಲಿ ಇರುವ ದಿನಗಳನ್ನೇ ಹೇಳಿ.

ಅದು ಸಾಧ್ಯವಿಲ್ಲದಿದ್ದರೆ, ನಾವು ಉಳಿಯದೇ ಇರುವುದರಿಂದ ತೆರಿಗೆಯ ಭಾಗ ವಾಪಸ್ ಬರುತ್ತದೆಯೇ ತಿಳಿಸಿ. ಇದೇ ರೂಮಿಗೆ ಸೇರಿಸಿ ಕಟ್ಟಿದ್ದ ಪಿಕಪ್ ಕಾರಿನ ಹಣದ ಬಗ್ಗೆಯೂ ಹೇಳಿ. ಕಾರನ್ನು ಬಳಸುವುದಿಲ್ಲ. ನಿಮ್ಮ ಷರತ್ತುಗಳಲ್ಲಿ ರೂಮಿನ ವಿಷಯ ಇದೆ, ಕಾರಿನ ವಿಷಯ ನನಗೆ ಎಲ್ಲೂ ಕಾಣಲಿಲ್ಲ. ಆಸ್ಪತ್ರೆಯ ಕಾಗದ ನೋಡಿ ವಿನಾಯಿತಿ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ, ಕಳಿಸಲು ಸಿದ್ಧ.

ನಿಮ್ಮ ಉತ್ತರ ಬರುವ ತನಕ ಎರಡನೇ ರೂಮನ್ನು ರದ್ದು ಮಾಡಬೇಡಿ. ದಿನಾಂಕ ಬದಲಾವಣೆ ಆಗುವುದೇ ಇಲ್ಲ ಎಂದಾದರೆ ಒಂದು ಸಾಲು ಬರೆಯಿರಿ, ಅದನ್ನೂ ಕೂಡಲೇ ಬಿಟ್ಟುಕೊಡುತ್ತೇನೆ. ರೂಮ್ ಸುಮ್ಮನೆ ಖಾಲಿ ಬೀಳುವುದಕ್ಕಿಂತ ಬೇರೆಯವರಿಗೆ ಸಿಗಲಿ. ಹಾಗೆ ನಿಮಗೆ ಮತ್ತೆ ಬಾಡಿಗೆಗೆ ಹೋದರೆ ನಮ್ಮ ಹಣದಲ್ಲಿ ಸ್ವಲ್ಪವಾದರೂ ಹಿಂದಿರುಗಿಸುತ್ತೀರಾ ಎಂಬುದನ್ನೂ ತಿಳಿಸಿ.

ರಿಫಂಡ್ ಬಗ್ಗೆ ಇನ್ನೊಂದು ಮುಖ್ಯ ವಿಷಯ. ಹಣ ಕಟ್ಟಿದ ಕಾರ್ಡಿನ ಕೊನೆಯ ಅಂಕಿಗಳು 4471. ಆ ಕಾರ್ಡ್ ಕಳೆದುಹೋಗಿ ಬ್ಲಾಕ್ ಆಗಿದೆ, ಅದೇ ಖಾತೆಗೆ ಹೊಸ ಕಾರ್ಡ್ ಬಂದಿದೆ. ನೀವು ಹಳೆಯ ಕಾರ್ಡಿಗೇ ರಿಫಂಡ್ ಮಾಡುವುದಾದರೆ ಮಾಡಿ, ಆದರೆ ಆ ವ್ಯವಹಾರದ ಎಆರ್‌ಎನ್ ಸಂಖ್ಯೆಯನ್ನು ತಪ್ಪದೇ ಕಳಿಸಿ. ಅದಿದ್ದರೆ ಹಣ ಎಲ್ಲಿದೆ ಎಂದು ಬ್ಯಾಂಕಿನವರು ಹುಡುಕಿಕೊಡುತ್ತಾರೆ. ಹಳೆಯ ಕಾರ್ಡಿಗೆ ಕಳಿಸಲು ಆಗದಿದ್ದರೆ ಬ್ಯಾಂಕ್ ಖಾತೆಗೆ ಹಾಕಲು ಏನು ವಿವರ ಬೇಕು, ಅದನ್ನು ಯಾವ ಸುರಕ್ಷಿತ ದಾರಿಯಲ್ಲಿ ಕೊಡಬೇಕು ತಿಳಿಸಿ. ಖಾತೆ ಸಂಖ್ಯೆಯನ್ನು ಮೇಲ್‌ನಲ್ಲಿ ಬರೆಯಲು ನನಗೆ ಇಷ್ಟವಿಲ್ಲ.

ನಿಮ್ಮ ಉತ್ತರದಲ್ಲಿ ಮೊದಲ ರೂಮಿನ ರದ್ದತಿ ಸಂಖ್ಯೆ, ವಾಪಸ್ ಬರುವ ನಿಖರ ಮೊತ್ತ, ಏನಾದರೂ ಕಡಿತ ಇದ್ದರೆ ಅದು ಯಾವ ಷರತ್ತಿನ ಪ್ರಕಾರ ಎಂಬುದು, ನಿಮ್ಮ ಕಡೆಯಿಂದ ಹಣ ಹೊರಡುವ ದಿನ, ಇಷ್ಟು ಇರಲಿ ಎಂದು ಕೋರುತ್ತೇನೆ. ಬ್ಯಾಂಕಿನಲ್ಲಿ ಜಮಾ ಆಗಲು ಬೇರೆ ಸಮಯ ಬೇಕಾಗುತ್ತದೆ ಎಂದು ಗೊತ್ತು. ರದ್ದಾದ ರೂಮನ್ನು ನೋ-ಶೋ ಎಂದು ದಾಖಲಿಸಿ ಶುಲ್ಕ ಹಾಕದಂತೆ ನಿಮ್ಮ ಫ್ರಂಟ್ ಆಫೀಸಿನವರಿಗೂ ದಯವಿಟ್ಟು ತಿಳಿಸಿ.

ಸಾಧ್ಯವಾದರೆ ನವೆಂಬರ್ 11ರ ಬೆಳಿಗ್ಗೆಯೊಳಗೆ ಇದೇ ಮೇಲ್‌ಗೆ ಉತ್ತರಿಸಿ. ಹಗಲು ಹೊತ್ತು ಆಸ್ಪತ್ರೆಯಲ್ಲಿರುತ್ತೇನೆ, ಫೋನ್ ಎತ್ತಲು ಆಗದಿರಬಹುದು. ಮೇಲ್ ಮಾತ್ರ ಆಗಾಗ ನೋಡುತ್ತಿರುತ್ತೇನೆ.

ಸೆಪ್ಟೆಂಬರ್‌ನಲ್ಲಿ ಕೆಳ ಅಂತಸ್ತಿನ ರೂಮ್ ಕೇಳಿದಾಗ ನಿಮ್ಮವರು ತಕ್ಷಣ ಒಪ್ಪಿ ಬದಲಿಸಿಕೊಟ್ಟಿದ್ದರು. ಅದಕ್ಕೆ ಧನ್ಯವಾದ ಹೇಳುವುದು ಬಾಕಿ ಇತ್ತು. ಅವರಿಗೂ ತಿಳಿಸಿ.

ಇಂತಿ,
ವಸುಧಾ
ಬುಕಿಂಗ್ ಸಂಖ್ಯೆ HB-72940316

ಲಗತ್ತು: ಬುಕಿಂಗ್ ಕನ್ಫರ್ಮೇಶನ್, ಎರಡನೇ ರೂಮಿನ ಹಣ ಪಾವತಿಯ ರಸೀದಿ